4,000 ವಿಳಾಸದ ಪಟ್ಟಿಯಿಂದ ಎಷ್ಟು ಹಣ ಬರುತ್ತದೆ? ಇಮೇಲ್ ನ್ಯೂಸ್‌ಲೆಟರ್‌ನ ಒಳಲೆಕ್ಕ

ಸಾಗರ, ಶಿರಸಿ, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಪ್ರತಿ ಭಾನುವಾರ ಬೆಳಿಗ್ಗೆ ಇಮೇಲ್‌ನಲ್ಲಿ ಬರುವ ಒಂದು ಕನ್ನಡ ನ್ಯೂಸ್‌ಲೆಟರ್ ಇದೆ ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ 4,000 ವಿಳಾಸಗಳಿವೆ, ನಾಲ್ಕು ವಾರ ಬಿಡುವು ಬಿಟ್ಟು ವರ್ಷಕ್ಕೆ 48 ಸಂಚಿಕೆ ಹೊರಡುತ್ತದೆ. ಇದರಿಂದ ಬದುಕಲು ಆಗುತ್ತದೆಯೇ? ಉತ್ತರ ಹುಡುಕಲು ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡಬೇಕು. ಇಲ್ಲಿನ ವಿಳಾಸ, ಚಂದಾ, ಜಾಹೀರಾತಿನ ಸಂಖ್ಯೆಗಳು ಉದಾಹರಣೆಗೆಂದು ಹಿಡಿದವು. ದಾರಿ ಮಾತ್ರ ಯಾವ ನ್ಯೂಸ್‌ಲೆಟರ್‌ಗೂ ಹೊಂದುತ್ತದೆ.

ಪಟ್ಟಿಯಲ್ಲಿ ಇರುವವರು ಯಾರು

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಈ 4,000 ಜನ ತಾವಾಗಿ ಬಂದವರೇ? ಸಹಕಾರ ಸಂಘದ ಸದಸ್ಯರ ಪಟ್ಟಿ, ತರಬೇತಿಯ ಹಾಜರಿ ಪುಸ್ತಕ, ಫೋನಿನಲ್ಲಿರುವ ಪರಿಚಯದವರು, ಯಾರೋ ಮಾರಿದ ಎಕ್ಸೆಲ್ ಹಾಳೆ, ಇವೆಲ್ಲವನ್ನೂ ಸೇರಿಸಿದರೆ ಪಟ್ಟಿ ಒಂದೇ ದಿನದಲ್ಲಿ ದೊಡ್ಡದಾಗುತ್ತದೆ. ಕೆಡುವುದೂ ಅಷ್ಟೇ ಬೇಗ.

ಕೆಡುವುದು ಹೇಗೆಂದು ನೋಡಿ. ಅಮೆಜಾನ್‌ನ ಎಸ್‌ಇಎಸ್ ಸೇವೆಯ ಮೂಲಕ ಮೇಲ್ ಕಳಿಸುತ್ತೀರಿ ಎಂದುಕೊಳ್ಳೋಣ. ಕಳಿಸಿದ ಮೇಲ್‌ಗಳಲ್ಲಿ ನೂರಕ್ಕೆ 5ರಷ್ಟು 'ಇಂಥ ವಿಳಾಸ ಇಲ್ಲ' ಎಂದು ವಾಪಸ್ ಬಂದರೆ ಅವರು ನಿಮ್ಮ ಖಾತೆಯನ್ನು ಪರಿಶೀಲನೆಗೆ ಹಾಕುತ್ತಾರೆ; 10 ದಾಟಿದರೆ ಕಳಿಸುವುದನ್ನೇ ತಡೆಹಿಡಿಯಬಹುದು. ಕೊಂಡು ತಂದ 3,000 ವಿಳಾಸಗಳಲ್ಲಿ 400 ಸತ್ತಿದ್ದರೆ ವಾಪಸಾತಿ ನೂರಕ್ಕೆ 13 ದಾಟಿತು. ಮೊದಲ ಸಂಚಿಕೆಗೇ ಖಾತೆ ನಿಂತುಹೋಗಬಹುದು. 'ಸ್ಪ್ಯಾಮ್' ಎಂದು ಒತ್ತುವವರ ಲೆಕ್ಕ ಇನ್ನೂ ಬಿಗಿ. ಅಲ್ಲಿ ಪರಿಶೀಲನೆಯ ಗೆರೆ ಸಾವಿರಕ್ಕೆ ಒಬ್ಬರು. ಅಂದರೆ 4,000 ಜನರಲ್ಲಿ ನಾಲ್ವರು ಸಿಟ್ಟಿನಿಂದ ಆ ಗುಂಡಿ ಒತ್ತಿದರೆ ಸಾಕು. ಜಿಮೇಲ್ ಕೂಡ ಸ್ಪ್ಯಾಮ್ ದೂರು ಸಾವಿರಕ್ಕೆ 1ರ ಕೆಳಗಿರಲಿ, 3ನ್ನು ಮುಟ್ಟಲೇಬಾರದು ಎನ್ನುತ್ತದೆ. ಕೇಳದೆ ಸೇರಿಸಿದವರಲ್ಲಿ ನಾಲ್ಕು ಜನ ಸಿಟ್ಟಾಗುವುದು ಖಂಡಿತ. ಅವರ ಸಿಟ್ಟಿನ ಬೆಲೆಯನ್ನು ಮೇಲ್‌ಗಾಗಿ ಕಾದಿರುವ ಉಳಿದವರು ತೆರುತ್ತಾರೆ, ಏಕೆಂದರೆ ಮುಂದಿನ ವಾರದಿಂದ ಅವರ ಸಂಚಿಕೆಯೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗುತ್ತದೆ.

ಆದ್ದರಿಂದ ಎರಡು ಹಂತದ ಒಪ್ಪಿಗೆ ಬೇಕು. ಓದುಗರು ವಿಳಾಸ ಕೊಡುತ್ತಾರೆ. ಆ ವಿಳಾಸಕ್ಕೆ ಒಂದು ಮೇಲ್ ಹೋಗುತ್ತದೆ. ಅದರಲ್ಲಿನ ಕೊಂಡಿ ಒತ್ತಿದ ಮೇಲಷ್ಟೇ ಹೆಸರು ಪಟ್ಟಿಗೆ ಸೇರುತ್ತದೆ. ಒಂದಷ್ಟು ಜನ ಈ ಎರಡನೇ ಹೆಜ್ಜೆ ಇಡದೆ ಉಳಿದುಬಿಡುತ್ತಾರೆ. ಅದನ್ನು ಕಡಿಮೆ ಮಾಡುವ ದಾರಿ ಸುಲಭದ್ದು: ವಿಳಾಸ ಕೊಟ್ಟ ಕೂಡಲೇ ಕಾಣುವ ಪುಟದಲ್ಲಿ ಯಾರ ಹೆಸರಿನಿಂದ, ಯಾವ ವಿಷಯ ಸಾಲಿನೊಂದಿಗೆ ಮೇಲ್ ಬರುತ್ತದೆ ಎಂದು ಹಾಗೇ ಬರೆದಿಡಿ, ಜಿಮೇಲ್‌ನ ಪ್ರಮೋಷನ್ಸ್ ವಿಭಾಗದಲ್ಲೂ ನೋಡಲು ಹೇಳಿ. ಎರಡು ದಿನ ಬಿಟ್ಟು ಒಮ್ಮೆ ಮಾತ್ರ ನೆನಪಿಸಿ. ಆಮೇಲೂ ಒತ್ತದಿದ್ದರೆ ವಿಳಾಸ ಅಳಿಸಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹೊಸ ಫೋನ್ ಕೊಂಡಾಗ ಅಂಗಡಿಯವರೇ ಜಿಮೇಲ್ ಖಾತೆ ತೆರೆದುಕೊಟ್ಟಿರುತ್ತಾರೆ. ವಿಳಾಸ ಇದೆ, ಮೇಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ, ಆದರೆ ಅದನ್ನು ತೆರೆದು ನೋಡುವ ರೂಢಿ ಮನೆಯಲ್ಲಿ ಯಾರಿಗೂ ಇಲ್ಲ. ಕೃಷಿ ಮೇಳದ ಮಳಿಗೆಯಲ್ಲಿ ಕಾಗದದ ಮೇಲೆ ಬರೆಸಿಕೊಂಡ ವಿಳಾಸಗಳಲ್ಲಿ ಇಂಥವೇ ಹೆಚ್ಚು ಸೇರಿಕೊಳ್ಳುತ್ತವೆ, ಜೊತೆಗೆ ಅಕ್ಷರ ಓದಲಾಗದೆ ತಪ್ಪುವುದೂ ಇದೆ. ಅದರ ಬದಲು ಮಳಿಗೆಯಲ್ಲಿ ಕ್ಯೂಆರ್ ಕೋಡ್ ಇಟ್ಟು, ಅಲ್ಲೇ ನಿಂತು ಒಪ್ಪಿಗೆಯ ಮೇಲ್ ತೆರೆಯಲು ನೆರವಾದರೆ, ಬಂದವರಿಗೆ ಇಮೇಲ್ ನೋಡುವ ರೂಢಿ ಇದೆಯೋ ಇಲ್ಲವೋ ಆ ನಿಮಿಷದಲ್ಲೇ ತಿಳಿಯುತ್ತದೆ. ಊರಲ್ಲಿ ತೋಟ, ಬೆಂಗಳೂರಲ್ಲಿ ಕೆಲಸ ಎಂದಿರುವ ಮಕ್ಕಳು ಈ ನ್ಯೂಸ್‌ಲೆಟರ್‌ನ ಸಹಜ ಓದುಗರು. ಅವರಿಗೆ ಇಮೇಲ್ ದಿನದ ಅಭ್ಯಾಸ, ಮನೆಯ ಅಡಿಕೆ ಯಾವಾಗ ಮಾರಬೇಕೆಂಬ ಮಾತಿನಲ್ಲಿ ಅವರಿಗೂ ಪಾಲಿರುತ್ತದೆ.

ಪಟ್ಟಿ ಬೆಳೆಸಲು ವಾಟ್ಸಾಪ್ ಒಳ್ಳೆಯ ಬಾಗಿಲು. ಸಂಚಿಕೆಯಿಂದ ಒಂದು ಪೂರ್ಣ ಪ್ಯಾರಾವನ್ನು ಅಲ್ಲಿ ಹಾಕಿ, ಕೆಳಗೆ ಸೇರುವ ಕೊಂಡಿ ಕೊಡಿ. 'ಮುಂದೆ ಓದಲು ಒತ್ತಿ' ಎಂದು ಅರ್ಧಕ್ಕೆ ನಿಲ್ಲಿಸಿದ ಸಾಲಿಗಿಂತ, ಅಲ್ಲಿಯೇ ಕೆಲಸಕ್ಕೆ ಬರುವ ಒಂದು ಮಾಹಿತಿ ಹೆಚ್ಚು ಜನರನ್ನು ಕರೆತರುತ್ತದೆ ಎಂಬುದು ನಮ್ಮ ಎಣಿಕೆ. ಯಾರು ಯಾವ ದಿನ ಎಲ್ಲಿಂದ ಸೇರಿದರು ಎಂಬುದನ್ನು ಪ್ರತಿ ವಿಳಾಸದ ಜೊತೆ ದಾಖಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು ಎನ್ನುತ್ತದೆ. ದಾಖಲೆ ಇದ್ದರೆ 'ನನ್ನ ವಿಳಾಸ ನಿಮಗೆ ಎಲ್ಲಿ ಸಿಕ್ಕಿತು' ಎಂದು ಕೇಳಿದವರಿಗೆ ನೇರ ಉತ್ತರ ಕೊಡಬಹುದು.

ಆರು ತಿಂಗಳು ಯಾವ ಕೊಂಡಿಯನ್ನೂ ಒತ್ತದವರಿಗೆ 'ಇನ್ನೂ ಕಳಿಸಬೇಕೇ?' ಎಂದು ಎರಡು ಸಲ ಕೇಳಿ, ಉತ್ತರ ಬಾರದಿದ್ದರೆ ತೆಗೆಯಿರಿ. ಎರಡು ತಿಂಗಳಿಗೇ ತೆಗೆಯಬೇಡಿ. ಕೊಯ್ಲು, ಸುಲಿಯುವುದು, ಬೇಯಿಸುವುದು ನಡೆಯುವ ದಿನಗಳಲ್ಲಿ ಬೆಳೆಗಾರರು ಮೇಲ್ ಮುಟ್ಟುವುದಿಲ್ಲ. ಮಾರುವ ಹೊತ್ತಿಗೆ ಮರಳಿ ಬರುತ್ತಾರೆ.

ಕನ್ನಡ ಅಕ್ಷರದ ತೂಕ

ಕಳಿಸಿದ ಮೇಲ್ ಇನ್‌ಬಾಕ್ಸ್ ಮುಟ್ಟಬೇಕಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಸಗಟಾಗಿ ಕಳಿಸುವವರಿಗೆ ನಿಯಮ ಬಿಗಿ ಮಾಡಿವೆ. ಜಿಮೇಲ್ ಪ್ರಕಾರ ದಿನಕ್ಕೆ 5,000 ಮೇಲ್ ಕಳಿಸುವವರು ಸಗಟುದಾರರು. ನಮ್ಮದು 4,000 ಆದರೂ ಈಗಲೇ ಸಿದ್ಧವಾಗಿರುವುದು ಲೇಸು. ಸ್ವಂತ ಡೊಮೈನ್ ಬೇಕು, ಮೇಲ್ ನಿಜವಾಗಿ ನಿಮ್ಮಿಂದಲೇ ಬಂತೆಂದು ತೋರಿಸಲು ಅದಕ್ಕೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳಿರಬೇಕು. ಮೊದಲ ಎರಡನ್ನು ಮೇಲ್ ಕಳಿಸುವ ಸೇವೆಯವರೇ ಬರೆದು ಕೊಡುತ್ತಾರೆ, ಡೊಮೈನ್ ಕೊಂಡ ಕಡೆ ಅಂಟಿಸಿದರಾಯಿತು. ಮೂರನೆಯದು ಮೊದಮೊದಲು ಇಷ್ಟಿದ್ದರೆ ಸಾಕು:

```
v=DMARC1; p=none; rua=mailto:dmarc@example.in
```

ಒಂದೇ ಒತ್ತಿಗೆ ಹೊರಹೋಗುವ ವ್ಯವಸ್ಥೆಯೂ ಇರಲೇಬೇಕು. ಅದು ಮೇಲ್‌ನ ತಲೆಯಲ್ಲಿ ಹೀಗೆ ಇರುತ್ತದೆ:

```
List-Unsubscribe: <https://example.in/u/abc123>
List-Unsubscribe-Post: List-Unsubscribe=One-Click
```

ಹೊರಹೋಗುವ ದಾರಿ ಕಷ್ಟ ಮಾಡಿದರೆ ಓದುಗರು ಉಳಿಯುತ್ತಾರೆಂದು ಕೆಲವರು ನಂಬುತ್ತಾರೆ. ಉಳಿಯುವುದಿಲ್ಲ, ಪಕ್ಕದಲ್ಲೇ ಇರುವ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇದಲ್ಲದೆ ಮತ್ತೊಂದು ಲೆಕ್ಕವಿದೆ, ಇಂಗ್ಲಿಷ್‌ನಲ್ಲಿ ಬಂದ ಸಲಹೆಗಳು ಅದನ್ನು ಹೇಳುವುದಿಲ್ಲ. ಮೇಲ್‌ನ ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಕತ್ತರಿಸಿ, ಉಳಿದದ್ದನ್ನು ಒಂದು ಕೊಂಡಿಯ ಹಿಂದೆ ಅಡಗಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಯುಟಿಎಫ್-8 ವಿಧಾನದಲ್ಲಿ 1 ಬೈಟ್. ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಸ್ವರಚಿಹ್ನೆಗೆ, ಒತ್ತಕ್ಷರದ ಒಳಗೆ ಅಡಗಿರುವ ಅರ್ಧಾಕ್ಷರದ ಚಿಹ್ನೆಗೂ ತಲಾ 3 ಬೈಟ್. 'ಮಾರುಕಟ್ಟೆ' ಎಂಬ ಪದದಲ್ಲಿ ಇಂಥ 9 ಚಿಹ್ನೆಗಳಿವೆ, ಅಂದರೆ 27 ಬೈಟ್. 2,000 ಪದಗಳ ಸಂಚಿಕೆ ಪದಗಳಿಂದಲೇ 55 ಕೆಬಿ ಆಸುಪಾಸು ಮುಟ್ಟುತ್ತದೆ. ಅದರ ಮೇಲೆ ವಿನ್ಯಾಸದ ಕೋಡ್, ಉದ್ದುದ್ದದ ಕೊಂಡಿಗಳು ಸೇರಿದರೆ 102 ದೂರವಿಲ್ಲ. ಕೆಲವು ಸಂಪಾದಕ ತಂತ್ರಾಂಶಗಳು 'ಕ' ಅಕ್ಷರವನ್ನು ಕನ್ನಡದಲ್ಲಿ ಇಡದೆ `ಕ` ಎಂದು ಸಂಖ್ಯೆಯಾಗಿ ಬರೆದುಬಿಡುತ್ತವೆ. ಆಗ ಅದೇ ಒಂದು ಅಕ್ಷರ 7 ಬೈಟ್ ನುಂಗುತ್ತದೆ, ಸಂಚಿಕೆ ಖಂಡಿತ ಕತ್ತರಿಸಲ್ಪಡುತ್ತದೆ.

ಕತ್ತರಿಸಿದಾಗ ಮೊದಲು ಮಾಯವಾಗುವುದು ಅಡಿಯಲ್ಲಿರುವ 'ಚಂದಾ ಬಿಡಿ' ಕೊಂಡಿ, ಅದರ ಪಕ್ಕ ಸಾಮಾನ್ಯವಾಗಿ ಇರುವ, ತೆರೆದದ್ದನ್ನು ಎಣಿಸುವ ಪುಟ್ಟ ಚಿತ್ರ. ಹೊರಹೋಗಲು ದಾರಿ ಕಾಣದವರು ದೂರು ಒತ್ತುತ್ತಾರೆ, ಇತ್ತ ತೆರೆದವರ ಸಂಖ್ಯೆ ಕಾರಣವಿಲ್ಲದೆ ಕುಸಿದಂತೆ ಕಾಣುತ್ತದೆ. ಪರೀಕ್ಷೆ ಹೀಗೆ ಮಾಡಿ: ಸಂಚಿಕೆಯನ್ನು ನಿಮ್ಮದೇ ಜಿಮೇಲ್‌ಗೆ ಕಳಿಸಿ, ಕೊನೆಯವರೆಗೆ ಸರಿಸಿ, ಅಡಿಟಿಪ್ಪಣಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಬೆಲೆ ಕೋಷ್ಟಕವನ್ನು ಜಾಲಪುಟಕ್ಕೆ ಹಾಕಿ ಮೇಲ್‌ನಲ್ಲಿ ಕೊಂಡಿ ಕೊಡಿ.

ಕಳಿಸುವ ಖರ್ಚಿನ ಮಾತು ಚಿಕ್ಕದು. ಎಸ್‌ಇಎಸ್ ಸಾವಿರ ಮೇಲ್‌ಗೆ 10 ಸೆಂಟ್ ತೆಗೆದುಕೊಳ್ಳುತ್ತದೆ; ವರ್ಷದ 1,92,000 ಮೇಲ್‌ಗೆ 20 ಡಾಲರ್ ಒಳಗೇ ಮುಗಿಯುತ್ತದೆ. ಪಟ್ಟಿ ನಿರ್ವಹಿಸಲು ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾದ ಕೈಲಾಶ್ ನಾಧ್ ರೂಪಿಸಿದ ಲಿಸ್ಟ್‌ಮಾಂಕ್ ಎಂಬ ಮುಕ್ತ ತಂತ್ರಾಂಶವಿದೆ. ಎರಡು ಹಂತದ ಒಪ್ಪಿಗೆಯೂ ವಾಪಸ್ ಬಂದ ಮೇಲ್‌ಗಳ ಲೆಕ್ಕವೂ ಅದರಲ್ಲೇ ಇದೆ. ಸರ್ವರ್ ನೋಡಿಕೊಳ್ಳಲು ಬರುವವರಿಗೆ ಇದು ಒಳ್ಳೆಯ ಆಯ್ಕೆ. ಬಾರದವರು ತಿಂಗಳ ಬಾಡಿಗೆಯ ಸೇವೆ ಹಿಡಿಯುವುದೇ ಸರಿ.

ಯಾವುದಕ್ಕೆ ಚಂದಾ ಕೊಡುತ್ತಾರೆ

ಶಿವಮೊಗ್ಗದಲ್ಲಿ ಇಂದು ರಾಶಿ ಅಡಿಕೆಯ ಬೆಲೆ ಎಷ್ಟು, ಬೆಟ್ಟೆ ಅಡಿಕೆಯದು ಎಷ್ಟು, ಶಿರಸಿಯಲ್ಲಿ ಚಾಲಿ ಅಡಿಕೆಯದು ಎಷ್ಟು ಎಂಬುದು ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ವಾಟ್ಸಾಪ್ ಗುಂಪುಗಳಲ್ಲಿ ಸಂಜೆಯೊಳಗೆ ಸುತ್ತುತ್ತದೆ. ಬರಿಯ ಬೆಲೆಗೆ ಹಣ ಕೊಡುವವರಿಲ್ಲ. ಆದರೆ ಅದೇ ಅಂಕಿಗಳಲ್ಲಿ ಓದುಗರಿಗೆ ತಾವೇ ಮಾಡಲು ಬಿಡುವು ಸಿಗದ ಕೆಲಸ ಅಡಗಿದೆ. ಗರಿಷ್ಠ ಬೆಲೆ ಏರಿದೆ, ಆದರೆ ಹೆಚ್ಚಿನ ವಹಿವಾಟು ನಡೆದ ಬೆಲೆ ಅಲ್ಲೇ ನಿಂತಿದೆ ಎಂದರೆ ಒಂದೆರಡು ಒಳ್ಳೆಯ ಲಾಟ್‌ಗಳಿಗಷ್ಟೇ ಏರಿಕೆ ಸಿಕ್ಕಿದೆ. ಆವಕ ಕಡಿಮೆಯಾಗಿ ಬೆಲೆ ಏರಿದ್ದಕ್ಕೂ, ಆವಕ ಹೆಚ್ಚಿದ್ದರೂ ಬೆಲೆ ಏರಿದ್ದಕ್ಕೂ ಅರ್ಥ ಬೇರೆ. ಮೂರು ಮಾರುಕಟ್ಟೆಗಳನ್ನು ಪಕ್ಕಪಕ್ಕ ಇಟ್ಟು, ಕಳೆದ ವರ್ಷದ ಇದೇ ವಾರದ ಜೊತೆ ಹೋಲಿಸಿ, ಹತ್ತು ಸಾಲಿನಲ್ಲಿ ಹೇಳುವ ಪುಟಕ್ಕೆ ಹಣ ಕೊಡುವವರು ಇರುತ್ತಾರೆ. ಎಲೆಚುಕ್ಕಿ ರೋಗ, ಕೊಳೆರೋಗದ ಎಚ್ಚರಿಕೆಗಳನ್ನು ಮಾತ್ರ ಪುಕ್ಕಟೆ ಭಾಗದಲ್ಲೇ ಇಡಬೇಕೆಂದು ನಮ್ಮ ಅಭಿಪ್ರಾಯ. ಪಕ್ಕದ ತೋಟದವರಿಗೆ ತಿಳಿಯದಿದ್ದರೆ ರೋಗ ಚಂದಾದಾರರ ತೋಟಕ್ಕೂ ಬರುತ್ತದೆ.

ಎಷ್ಟು ಜನ ಕೊಡಬಹುದು? ನೂರಕ್ಕೆ ಮೂವರು ಎಂದು ಹಿಡಿಯೋಣ, 120 ಜನ. ಊಹೆಯನ್ನು ನಂಬುವ ಬದಲು ಪರೀಕ್ಷಿಸುವ ದಾರಿ ಇದೆ: 'ಇಂಥ ತಾರೀಖಿನೊಳಗೆ 60 ಜನ ವಾರ್ಷಿಕ ಚಂದಾ ಕಟ್ಟಿದರೆ ಆರಂಭಿಸುತ್ತೇವೆ, ಇಲ್ಲದಿದ್ದರೆ ಪೂರ್ತಿ ಹಣ ವಾಪಸ್' ಎಂದು ಘೋಷಿಸಿ. 'ಹಣ ಕೊಡುತ್ತೀರಾ' ಎಂಬ ಸಮೀಕ್ಷೆಗೆ ಹೌದೆನ್ನುವುದು ಸುಲಭ. ಕಟ್ಟಿದ ಹಣವೇ ನಂಬಬಹುದಾದ ಉತ್ತರ.

120ರಲ್ಲಿ 80 ಜನ ವರ್ಷಕ್ಕೆ ₹999, 40 ಜನ ತಿಂಗಳಿಗೆ ₹99 ಆರಿಸಿದರೆಂದುಕೊಳ್ಳಿ. ವಾರ್ಷಿಕದಿಂದ ₹79,920. ಮಾಸಿಕದವರು ಎಲ್ಲರೂ ವರ್ಷವಿಡೀ ಉಳಿದರೆ ₹47,520 ಬರಬೇಕಿತ್ತು, ಆದರೆ ಉಳಿಯುವುದಿಲ್ಲ. ತಿಂಗಳಿಗೆ ನೂರಕ್ಕೆ 6 ಜನ ಬಿಟ್ಟರೆ ವರ್ಷದ ಕೊನೆಗೆ ಉಳಿಯುವವರು 19 ಮಂದಿ, ಒಟ್ಟು ಬರುವುದು ಸುಮಾರು ₹34,600. ಆರು ಎಂಬುದು ಚಿಕ್ಕ ಸಂಖ್ಯೆಯಂತೆ ಕಾಣುತ್ತದೆ, ಹನ್ನೆರಡು ಸಲ ಕಳೆದಾಗ ಅರ್ಧಕ್ಕಿಂತ ಹೆಚ್ಚು ಜನ ಹೋಗಿರುತ್ತಾರೆ.

ಬಿಡುವವರೆಲ್ಲ ಬೇಸರಗೊಂಡು ಬಿಡುವುದಿಲ್ಲ. ಭಾರತದಲ್ಲಿ ಕಾರ್ಡ್ ಅಥವಾ ಯುಪಿಐ ಆಟೋಪೇ ಮೂಲಕ ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲ ಸಲ ಗ್ರಾಹಕರು ಒಪ್ಪಿಗೆ ದಾಖಲಿಸಬೇಕು, ಪ್ರತಿ ಕಡಿತಕ್ಕೂ 24 ಗಂಟೆ ಮೊದಲು ಅವರಿಗೆ ಸೂಚನೆ ಹೋಗಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ ಕಾರ್ಡ್‌ಗಳಿಗೆ 2021ರ ಅಕ್ಟೋಬರ್‌ನಿಂದ ಬಿಗಿಯಾಗಿ ಜಾರಿಯಲ್ಲಿದೆ. ಇದು ಗ್ರಾಹಕರ ಹಿತಕ್ಕೆ ಒಳ್ಳೆಯದೇ. ಆದರೆ ಖಾತೆಯಲ್ಲಿ ಆ ದಿನ ಹಣ ಇರಲಿಲ್ಲ, ಕಾರ್ಡ್ ಬದಲಾಯಿತು ಎಂಬ ಕಾರಣಕ್ಕೆ ₹99ರ ಕಂತು ತಪ್ಪುತ್ತದೆ, ಓದುಗರಿಗೆ ಗೊತ್ತೂ ಆಗುವುದಿಲ್ಲ. ಆದ್ದರಿಂದ ಬಿಟ್ಟವರ ಪಟ್ಟಿಯನ್ನು ಎರಡು ಮಾಡಿ: ತಾವೇ ರದ್ದು ಮಾಡಿದವರು, ಕಂತು ತಪ್ಪಿದವರು. ಎರಡನೆಯವರಿಗೆ ಹೊಸ ಪಾವತಿ ಕೊಂಡಿಯೊಂದಿಗೆ ಎರಡು ಸಾಲಿನ ಮೇಲ್ ಕಳಿಸಿದರೆ ಹಲವರು ಮರಳುತ್ತಾರೆ. ಇಷ್ಟು ಚಿಕ್ಕ ಮೊತ್ತಕ್ಕೆ ವಾರ್ಷಿಕ ಚಂದಾವನ್ನೇ ಮುಂದಿಡುವುದು, ಮುಗಿಯುವ 15 ದಿನ ಮೊದಲು ನೆನಪಿಸುವುದು ನಮ್ಮ ಸಲಹೆ.

ಸಬ್‌ಸ್ಟ್ಯಾಕ್ ಎಂಬ ನ್ಯೂಸ್‌ಲೆಟರ್ ತಾಣವನ್ನು ಬಳಸಬಹುದಲ್ಲ ಎಂದರೆ, ಅದು ಚಂದಾ ಹಣದಲ್ಲಿ ನೂರಕ್ಕೆ 10 ತೆಗೆದುಕೊಳ್ಳುತ್ತದೆ, ಪಾವತಿಗೆ ಸ್ಟ್ರೈಪ್ ಖಾತೆಯನ್ನು ನೆಚ್ಚಿದೆ. ಸ್ಟ್ರೈಪ್ 2024ರಿಂದ ಭಾರತದಲ್ಲಿ ಹೊಸ ಖಾತೆಗಳನ್ನು ಆಹ್ವಾನದ ಮೇಲಷ್ಟೇ ಕೊಡುವ ಕ್ರಮಕ್ಕೆ ಬಂತು. ಪಟ್ಟಿ ಪೂರ್ತಿ ಕಟ್ಟಿದ ಮೇಲೆ ಹಣ ಪಡೆಯುವ ದಾರಿಯೇ ಇಲ್ಲವೆಂದು ತಿಳಿಯುವುದಕ್ಕಿಂತ, ಖಾತೆ ಸಿಗುತ್ತದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ. ಇಲ್ಲಿನ ಪೇಮೆಂಟ್ ಗೇಟ್‌ವೇಗಳು ಸಾಮಾನ್ಯವಾಗಿ 2% ಮತ್ತು ಆ ಶುಲ್ಕದ ಮೇಲೆ 18% ಜಿಎಸ್‌ಟಿ, ಅಂದರೆ ನೂರಕ್ಕೆ ₹2.36 ಹಿಡಿಯುತ್ತವೆ. ನಮ್ಮ ₹1,14,500ರಲ್ಲಿ ₹2,700 ಹೋಗಿ ₹1,11,800 ಉಳಿಯಿತು.

ಒಂದು ಎಚ್ಚರಿಕೆಯ ಮಾತು. ವಾರ್ಷಿಕದ ₹79,920 ಕೈಗೆ ಬಂದ ದಿನ ಅದು ನಿಮ್ಮದಲ್ಲ, ಮುಂದಿನ 48 ಸಂಚಿಕೆಗಳ ಸಾಲ. ಅದನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ ₹6,660ರಂತೆ ತೆಗೆದುಕೊಳ್ಳಿ. ಐದನೇ ತಿಂಗಳಲ್ಲಿ ಕಾಯಿಲೆಯೋ ಬೇರೆ ಕೆಲಸವೋ ಬಂದು ನಿಲ್ಲಿಸಬೇಕಾದರೆ, ಉಳಿದ ತಿಂಗಳ ಹಣವನ್ನು ಕೇಳುವ ಮೊದಲೇ ಮರಳಿಸಲು ಆಗ ಮಾತ್ರ ಸಾಧ್ಯ.

ಜಾಹೀರಾತುದಾರರ ಕಡೆಯಿಂದ ಲೆಕ್ಕ

ಅಡಿಕೆ ಸುಲಿಯುವ ಯಂತ್ರ ಮಾರುವವರು ಒಂದು ಸಂಚಿಕೆಯಲ್ಲಿ ಜಾಹೀರಾತು ಕೇಳುತ್ತಾರೆ. ಎಷ್ಟು ಹೇಳಬೇಕು? ಪಟ್ಟಿಯ ಉದ್ದ ನೋಡಿ ಹೇಳುವ ಬದಲು ಅವರ ಲಾಭದಿಂದ ಹಿಂದಕ್ಕೆ ಬನ್ನಿ. 4,000 ಮೇಲ್‌ನಿಂದ 60 ಜನ ಕೊಂಡಿ ಒತ್ತಿದರು, ಅದರಲ್ಲಿ ಮೂವರು ಫೋನ್ ಮಾಡಿದರು, ಒಬ್ಬರು ಕೊಂಡರು, ಒಂದು ಯಂತ್ರದಲ್ಲಿ ಅವರಿಗೆ ₹6,000 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ₹2,500 ಕೊಟ್ಟರೆ ಅವರು ಗೆದ್ದರು, ಮತ್ತೆ ಬರುತ್ತಾರೆ. ₹8,000 ಕೇಳಿದರೆ ಒಮ್ಮೆ ಕೊಡಬಹುದು, ಎರಡನೇ ಸಲ ಬರುವುದಿಲ್ಲ. 48ರಲ್ಲಿ 24 ಸಂಚಿಕೆ ₹2,500ರಂತೆ ತುಂಬಿದರೆ ವರ್ಷಕ್ಕೆ ₹60,000.

ಇಲ್ಲಿ ಸುಳ್ಳು ಸುಲಭವಾಗಿ ನುಸುಳುವುದು 'ತೆರೆದವರ' ಸಂಖ್ಯೆಯಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರ ಜೊತೆ ಆಪಲ್ ತನ್ನ ಮೇಲ್ ಆಪ್‌ಗೆ ಖಾಸಗಿತನದ ಒಂದು ಸೌಲಭ್ಯ ತಂದಿತು. ಅದನ್ನು ಆನ್ ಮಾಡಿದವರ ಮೇಲ್‌ನಲ್ಲಿರುವ ಚಿತ್ರಗಳನ್ನು, ಅವರು ತೆರೆಯದಿದ್ದರೂ, ಆಪಲ್ ಮೊದಲೇ ಇಳಿಸಿಕೊಳ್ಳುತ್ತದೆ. ಎಣಿಸುವ ಚಿತ್ರವೂ ಅದರೊಳಗೆ ಸೇರಿ, ಓದದವರೂ ಓದಿದವರೆಂದು ದಾಖಲಾಗುತ್ತಾರೆ. ಹೀಗಾಗಿ 'ನಮ್ಮಲ್ಲಿ ಅರ್ಧದಷ್ಟು ಜನ ತೆರೆಯುತ್ತಾರೆ' ಎಂದು ಅದರ ಮೇಲೆ ದರ ಕಟ್ಟುವುದು ಸರಿಯಲ್ಲ. ಒತ್ತಿದವರ ಸಂಖ್ಯೆಯನ್ನೂ ಶೋಧಿಸಬೇಕು. ಕಂಪನಿಗಳ ಮೇಲ್ ಭದ್ರತಾ ತಂತ್ರಾಂಶಗಳು ವೈರಸ್ ಇದೆಯೇ ಎಂದು ನೋಡಲು ಎಲ್ಲ ಕೊಂಡಿಗಳನ್ನೂ ತಾವೇ ತೆರೆದು ಪರೀಕ್ಷಿಸುತ್ತವೆ. ಮೇಲ್ ತಲುಪಿದ ಕೆಲವೇ ಸೆಕೆಂಡಿನಲ್ಲಿ ಒಂದೇ ವಿಳಾಸದಿಂದ ಅಷ್ಟೂ ಕೊಂಡಿ ಒತ್ತಿದ್ದರೆ ಅದು ಮನುಷ್ಯರ ಕೈಯಲ್ಲ, ಲೆಕ್ಕದಿಂದ ಬಿಡಿ. ಬೆಂಗಳೂರಿನ ಕಚೇರಿ ವಿಳಾಸಗಳು ಹೆಚ್ಚಿರುವ ಪಟ್ಟಿಯಲ್ಲಿ ಇದು ಚಿಕ್ಕ ವಿಷಯವಲ್ಲ.

ಜಾಹೀರಾತಿನ ಮೇಲ್ಗಡೆ, ಓದಲು ತೊಡಗುವ ಮೊದಲೇ ಕಾಣುವಂತೆ, ಕನ್ನಡದಲ್ಲಿ 'ಜಾಹೀರಾತು' ಎಂದಿರಬೇಕು. ಹಣ, ಪುಕ್ಕಟೆ ವಸ್ತು, ಪಾಲುದಾರಿಕೆ, ಯಾವುದೇ ಸಂಬಂಧವಿದ್ದರೂ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ನಾವು ಒಂದು ಹೆಜ್ಜೆ ಮುಂದೆ ಹೋಗುತ್ತೇವೆ: ಸುಲಿಯುವ ಯಂತ್ರಗಳನ್ನು ಹೋಲಿಸಿ ಬರೆಯುವ ಸಂಚಿಕೆಯಲ್ಲಿ ಆ ಯಂತ್ರದ ಜಾಹೀರಾತು ಬೇಡ, ಆ ತಿಂಗಳೇ ಬೇಡ. ಇದನ್ನು ಒಪ್ಪಂದದ ಪತ್ರದಲ್ಲೇ ಬರೆದುಬಿಡಿ: ಬರಹ ಮೊದಲೇ ತೋರಿಸುವುದಿಲ್ಲ, ಓದುಗರ ವಿಳಾಸ ಕೊಡುವುದಿಲ್ಲ, ಪಾವತಿ ಪ್ರಕಟಣೆಗೆ ಮೊದಲು. ಕಂಪನಿ ಟಿಡಿಎಸ್ ಕಡಿದು ಕೊಟ್ಟಿದ್ದರೆ ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ತೆರಿಗೆ ಖಾತೆಯಲ್ಲಿ ನೋಡಿಕೊಳ್ಳಿ.

ಈಗ ಚಂದಾ, ಜಾಹೀರಾತು ಎರಡನ್ನೂ ಕೂಡಿಸಿದರೆ ₹1,71,800. ಸಂಚಿಕೆಗೆ ಸುಮಾರು ₹3,580. ಎರಡು ದಿನದ ಕೆಲಸಕ್ಕೆ ಇದು ಪಕ್ಕದ ಆದಾಯವಾದೀತು, ಸಂಸಾರ ನಡೆಸುವ ಆದಾಯವಲ್ಲ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿಯಾದ ₹20 ಲಕ್ಷಕ್ಕೂ ಇದು ಬಹಳ ದೂರ. ಇದನ್ನು ದೊಡ್ಡದು ಮಾಡಲು ಪಟ್ಟಿಯನ್ನು 8,000 ಮಾಡುವುದೊಂದು ದಾರಿ. ಅದಕ್ಕಿಂತ ಹತ್ತಿರದ ದಾರಿ ಮಾಸಿಕದ 40 ಜನರನ್ನು ವಾರ್ಷಿಕಕ್ಕೆ ತರುವುದು: 20 ಜನ ಬದಲಾದರೂ ಅವರಿಂದ ಬರುವುದು ₹17,300ರ ಬದಲು ₹19,980, ಜೊತೆಗೆ ಕಂತು ತಪ್ಪುವ ಕಾಟವಿಲ್ಲ. ಮೂರನೆಯದು ಜಾಹೀರಾತುದಾರರಿಗೆ ಪ್ರತಿ ಸಲ ಒಂದು ವಾರದೊಳಗೆ ಕಳಿಸಿದ ಮೇಲ್ ಎಷ್ಟು, ಭದ್ರತಾ ತಂತ್ರಾಂಶಗಳ ಒತ್ತುಗಳನ್ನು ಬಿಟ್ಟು ಕೊಂಡಿ ಒತ್ತಿದವರು ಎಷ್ಟು ಎಂದು ಬರೆದು ಕಳಿಸುವುದು. 60ರ ಜಾಗದಲ್ಲಿ 18 ಬಂದಿದ್ದರೆ 18 ಎಂದೇ ಬರೆದು, ಮುಂದಿನ ಸಂಚಿಕೆಯಲ್ಲಿ ಮತ್ತೊಮ್ಮೆ ಪುಕ್ಕಟೆ ಹಾಕಿಕೊಡಿ.